ಕನಸಿಗೆ ಬಂದವರೆಲ್ಲರೂ ನಾವೇ ಆದರೆ: ಪರ್ಲ್ಸ್ ಅವರ ಸ್ವಪ್ನವಿಧಾನದ ಒಂದು ವಿಮರ್ಶೆ

ಫ್ರಿಟ್ಸ್ ಪರ್ಲ್ಸ್ ಅವರ ‘ಗೆಸ್ಟಾಲ್ಟ್ ಥೆರಪಿ ವರ್ಬೇಟಿಮ್’ 1969ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚಿನ ಕೆಲವು ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಎಸಲೆನ್ ಸಂಸ್ಥೆಯಲ್ಲಿ ಅವರು ನಡೆಸಿದ ಸ್ವಪ್ನಶಿಬಿರಗಳ ಧ್ವನಿಮುದ್ರಣವನ್ನು ಮಾತಿಗೆ ಮಾತು ಬರಹಕ್ಕಿಳಿಸಿದ ಪುಸ್ತಕವದು. ನಮ್ಮ ಗುರುಮಠಗಳಲ್ಲಿ ಆಪ್ತಸಲಹೆಯ ಪಾಠ ನಡೆಯುವಲ್ಲೆಲ್ಲ ಈ ಪುಸ್ತಕದ ನೆರಳು ಬಿದ್ದಿರುತ್ತದೆ, ಪುಸ್ತಕವನ್ನು ಓದದವರ ಮೇಲೂ ಬಿದ್ದಿರುತ್ತದೆ. ಭಾರತದ ಯಾಜಕವರ್ಗಕ್ಕೆ ಗೆಸ್ಟಾಲ್ಟ್ ಪದ್ಧತಿ ಪರಿಚಯವಾದದ್ದು ಬಹುಮಟ್ಟಿಗೆ ಯೇಸುಸಭೆಯ ಅಂಥೋನಿ ಡಿಮೆಲ್ಲೊ ಅವರು ಪುಣೆಯಲ್ಲಿ ಆರಂಭಿಸಿ ಅನಂತರ ಲೋನಾವಳಕ್ಕೆ ಒಯ್ದ ಸಾಧನಾ ಸಂಸ್ಥೆಯ ಮೂಲಕ. ಅಲ್ಲಿಂದ ಬಂದವರು ಇತರರಿಗೆ ಕಲಿಸಿದರು. ಹೀಗೆ ಕೈಯಿಂದ ಕೈಗೆ ದಾಟಿದ ವಿಧಾನವು ಇಂದು ಧ್ಯಾನಕೂಟಗಳಲ್ಲಿಯೂ ಧರ್ಮಭಗಿನಿಯರ ತರಬೇತಿಗಳಲ್ಲಿಯೂ ಬಳಕೆಯಲ್ಲಿದೆ. ಆದ್ದರಿಂದ ಅದರ ಅಡಿಪಾಯದಲ್ಲಿರುವ ಒಂದು ಪ್ರತಿಜ್ಞೆಯನ್ನು ದೈವಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಆ ಪ್ರತಿಜ್ಞೆ ಇಷ್ಟೆ: ಕನಸಿನಲ್ಲಿ ಕಾಣಿಸಿಕೊಳ್ಳುವ ಪ್ರತಿಯೊಬ್ಬ ವ್ಯಕ್ತಿಯೂ ಪ್ರತಿಯೊಂದು ವಸ್ತುವೂ ಕನಸು ಕಂಡವನದೇ ಒಂದು ಅಂಶ. ಓಡಿಬರುವ ನಾಯಿ, ಮುರಿದ ಸೇತುವೆ, ತೀರಿಹೋದ ತಂದೆ, ಬಾಗಿಲ ಹಿಡಿಕೆ, ಎಲ್ಲವೂ ಅವನೇ. ತನ್ನದೆಂದು ಒಪ್ಪಿಕೊಳ್ಳಲಾರದೆ ಅವನು ಹೊರಗೆಸೆದ ತನ್ನ ತುಣುಕುಗಳೇ ರಾತ್ರಿ ಪಾತ್ರಗಳಾಗಿ ಬಂದು ನಿಲ್ಲುತ್ತವೆ. ಫ್ರಾಯ್ಡ್ ಅವರು ಕನಸನ್ನು ಅಪ್ರಜ್ಞೆಯ ಕಡೆಗಿನ ರಾಜಮಾರ್ಗವೆಂದು ಕರೆದಿದ್ದರು. ಪರ್ಲ್ಸ್ ಆ ಮಾತನ್ನು ತಿರುಗಿಸಿ, ಚೂರಾದ ವ್ಯಕ್ತಿತ್ವವನ್ನು ಒಂದುಗೂಡಿಸುವ ರಾಜಮಾರ್ಗವೆಂದರು. ವ್ಯಾಖ್ಯಾನವನ್ನು ಅವರು ಒಪ್ಪುತ್ತಿರಲಿಲ್ಲ. ಹಾವೆಂದರೆ ಇದು, ನೀರೆಂದರೆ ಅದು ಎಂದು ಹೇಳುವ ಚಿಕಿತ್ಸಕನು ಕನಸು ಕಂಡವನ ಕೆಲಸವನ್ನು ಕದಿಯುತ್ತಾನೆ ಎಂಬುದು ಅವರ ನಿಲುವು. ಅರ್ಥ ಹೇಳುವುದರ ಬದಲು ಅವರು ಕನಸನ್ನು ಆಡಿಸುತ್ತಿದ್ದರು. ತಾರುಣ್ಯದಲ್ಲಿ ಬರ್ಲಿನ್ನಿನ ರಂಗಭೂಮಿಯ ಗೀಳು ಹತ್ತಿಸಿಕೊಂಡಿದ್ದವರಿಗೆ ಇದು ಸಹಜವಾಗಿಯೇ ಒಲಿದಿರಬೇಕು.

ವಿಧಾನದ ಹೆಜ್ಜೆಗಳನ್ನು ಒಂದು ನಿದರ್ಶನದ ಮೂಲಕವೇ ವಿವರಿಸುವುದು ಲೇಸು. ಕಲಘಟಗಿ ತಾಲ್ಲೂಕಿನ ತಂಬೂರ ಭಾಗದ ಹಳ್ಳಿಯೊಂದರಲ್ಲಿ ಮಹಿಳೆಯರ ಸ್ವಸಹಾಯ ಸಂಘದ ಕೆಲಸ ಮಾಡುವ ಧರ್ಮಭಗಿನಿಯೊಬ್ಬರು, ಈ ಪದ್ಧತಿಯಲ್ಲಿ ತರಬೇತಿ ಪಡೆದವರು, ಅಲ್ಲಿನ ಗೃಹಿಣಿಯೊಬ್ಬಳ ಒಪ್ಪಿಗೆ ಪಡೆದು ನಮಗೆ ತಿಳಿಸಿದ ಸಂಗತಿಯಿದು. ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇವೆ. ಆಕೆ ಕ್ರೈಸ್ತಳಲ್ಲ. ಇಬ್ಬರು ಹೆಣ್ಣುಮಕ್ಕಳ ತಾಯಿ. ಮೂರನೆಯದಾದರೂ ಗಂಡಾಗಲೆಂದು ಮನೆಯಲ್ಲಿ ಒತ್ತಾಯವಿತ್ತು. ಆಕೆಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು: ಪಡಸಾಲೆಯ ಜಂತಿಗೆ ತವರಿನಿಂದ ಬಂದ ಬಣ್ಣದ ತೊಟ್ಟಿಲು ತೂಗಿಬಿದ್ದಿದೆ; ಅದು ತೂಗುತ್ತಿದೆ, ಒಳಗೆ ಕೂಸಿಲ್ಲ; ಅತ್ತೆ ಗೋಡೆಗೆ ಮುಖಮಾಡಿ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಾಳೆ; ಎಂದೋ ಸಂತೆಯಲ್ಲಿ ಮಾರಿದ ಎತ್ತು ಹೊಸ್ತಿಲ ಹೊರಗೆ ಬಂದು ನಿಂತಿದೆ, ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ.

ಕಲಘಟಗಿಯ ತೊಟ್ಟಿಲು ಎಂಥದೆಂದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರಗಳನ್ನು ಬರೆದ ಆ ಮರದ ತೊಟ್ಟಿಲುಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವ ಆಸ್ತಿ. ಬರಿದಾದ ತೊಟ್ಟಿಲನ್ನು ತೂಗಬಾರದೆಂಬ ನಂಬಿಕೆಯೂ ಮನೆಮನೆಯಲ್ಲಿದೆ. ಆದ್ದರಿಂದ ಕನಸು ಬಿದ್ದಾಗ ಆಕೆಗೆ ಮೊದಲು ಹುಟ್ಟಿದ್ದು ಭಯ. ತಂಬೂರಿನ ಬಸವಣ್ಣನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಹೇಳಿಕೆ ಹೇಳುವವರಲ್ಲಿಗೆ ಹೋಗೋಣವೆಂದು ನೆರೆಯವರು ಕರೆದಿದ್ದರು. ಅಷ್ಟರಲ್ಲಿ ಸಂಘದ ಸಭೆಯ ಅನಂತರ ಧರ್ಮಭಗಿನಿಯ ಮುಂದೆ ಬಾಯಿಬಿಟ್ಟಳು.

ಭಗಿನಿಯು ಮೊದಲು ಮಾಡಿದ್ದು ಕ್ರಿಯಾಪದವನ್ನು ಬದಲಿಸಿದ್ದು. ‘ತೊಟ್ಟಲಾ ತೂಗಾಕತ್ತಿತ್ತರಿ’ ಎಂದವಳಿಗೆ, ಈಗಲೇ ಕಣ್ಣೆದುರು ನಡೆಯುತ್ತಿರುವಂತೆ ಹೇಳೆಂದರು. ‘ತೊಟ್ಟಲಾ ತೂಗಾಕತ್ತೈತಿ’ ಎಂದು ಆಕೆ ಹೇಳತೊಡಗಿದೊಡನೆ ಕೈಗಳು ಸೆರಗನ್ನು ಹಿಡಿದುಕೊಂಡವು. ಭೂತಕಾಲದಲ್ಲಿ ಹೇಳುವವನು ಕನಸಿನಿಂದ ದೂರ ಕುಳಿತು ವರದಿ ಒಪ್ಪಿಸುತ್ತಾನೆ. ವರ್ತಮಾನದಲ್ಲಿ ಹೇಳುವವನು ಅದರೊಳಗೆ ನಿಂತಿರುತ್ತಾನೆ. ಪರ್ಲ್ಸ್ ಇದನ್ನು ಎಂದೂ ಬಿಡುತ್ತಿರಲಿಲ್ಲ.

ಎರಡನೆಯ ಹೆಜ್ಜೆ ವಸ್ತುವಾಗುವುದು. ತೊಟ್ಟಿಲಿನ ಬಗ್ಗೆ ಮಾತಾಡಬೇಡ, ತೊಟ್ಟಿಲೇ ಆಗಿ ಮಾತಾಡು. ಆಕೆ ನಕ್ಕಳು, ನಾಚಿದಳು, ಆಮೇಲೆ ಹೇಳಿದಳು: ‘ನಾ ತೊಟ್ಟಲಾ. ನನ್ನ ಬಣ್ಣ ಭಾಳ ಚಂದ ಐತಿ. ಬಂದವರೆಲ್ಲಾ ನೋಡ್ತಾರ. ನಾ ಜಂತಿಗೆ ನೇತಾಡಾಕತ್ತೇನಿ. ಯಾರರ ತೂಗಿದ್ರ ತೂಗ್ತೇನಿ. ನಾನಽ ಎಲ್ಲಿಗೂ ಹೋಗೂದಿಲ್ಲ.’ ಕೊನೆಯ ವಾಕ್ಯದಲ್ಲಿ ದನಿ ತಗ್ಗಿತು. ಭಗಿನಿ ಆ ವಾಕ್ಯವನ್ನೇ ಇನ್ನೊಮ್ಮೆ ಹೇಳಿಸಿದರು. ಆಕೆ ಅತ್ತಳು. ಮದುವೆಗೆ ಮುಂಚೆ ಹೊಲಿಗೆ ಕಲಿತದ್ದು, ಕಲಘಟಗಿಯಲ್ಲಿ ಸಣ್ಣ ಅಂಗಡಿ ಹಾಕುವ ಮಾತಾಗಿದ್ದದ್ದು, ಹತ್ತು ವರ್ಷಗಳಿಂದ ಯಾರಿಗೂ ಹೇಳದೆ ಇದ್ದದ್ದು ಹೊರಬಿತ್ತು. ಎತ್ತಾಗಿ ಮಾತಾಡಿದಾಗ, ‘ನನ್ನ ಮಾರ್ಯಾರ, ಆದ್ರ ನಾ ದಾರಿ ಮರ್ತಿಲ್ಲ’ ಎಂದಳು. ಮಾರಿಹೋದ ಬಲವೊಂದು ಹೊಸ್ತಿಲಿಗೆ ಬಂದು ನಿಂತಿದೆ ಎಂಬುದನ್ನು ಯಾರೂ ಆಕೆಗೆ ವಿವರಿಸಬೇಕಾಗಲಿಲ್ಲ.

ಇಲ್ಲಿಯವರೆಗೆ ಈ ವಿಧಾನಕ್ಕೆ ನಮ್ಮ ಮೆಚ್ಚುಗೆ ಸಲ್ಲಬೇಕು. ಒಂದು ಮಾತನ್ನು ವಿಶೇಷವಾಗಿ ಗುರುತಿಸುತ್ತೇವೆ. ನಮ್ಮ ಹಳ್ಳಿಗಳಲ್ಲಿ ಕನಸು ಬಿದ್ದರೆ ಅದು ಶಕುನವಾಗುತ್ತದೆ. ಶಕುನಕ್ಕೆ ಪರಿಹಾರ, ಪರಿಹಾರಕ್ಕೆ ಖರ್ಚು, ಖರ್ಚಿಗೆ ಸಾಲ. ಪ್ರವಾದಿ ಯೆರೆಮೀಯನು ತನ್ನ ಕಾಲದ ಕನಸುಗಾರರನ್ನು ಗದರಿದ್ದೂ, ಸಿರಾಕನ ಗ್ರಂಥದ 34ನೆಯ ಅಧ್ಯಾಯವು ಕನಸನ್ನು ನೆಚ್ಚುವವರನ್ನು ನೆರಳು ಹಿಡಿಯುವವರಿಗೆ ಹೋಲಿಸಿದ್ದೂ ಈ ರೋಗದ ವಿರುದ್ಧವೇ. ಗೆಸ್ಟಾಲ್ಟ್ ವಿಧಾನವು ಕನಸಿನಿಂದ ಭವಿಷ್ಯವನ್ನು ಕಿತ್ತುಹಾಕುತ್ತದೆ. ತೊಟ್ಟಿಲು ಬರಿದಾಗಿದ್ದುದು ನಾಳೆ ಆಗಲಿರುವ ಕೇಡಿನ ಸುದ್ದಿಯಲ್ಲ, ಇಂದು ಹೀಗೆ ಬದುಕುತ್ತಿದ್ದೇನೆ ಎಂಬ ಹೇಳಿಕೆ. ಇದೊಂದು ಸಣ್ಣ ಬಿಡುಗಡೆಯಲ್ಲ.

ತೊಡಕು ಮೂರನೆಯ ಪಾತ್ರದಲ್ಲಿ ಎದುರಾಯಿತು. ಈಗ ಅತ್ತೆಯಾಗಿ ಮಾತಾಡೆಂದು ಭಗಿನಿ ಹೇಳಿದರು. ಎದುರಿಗೊಂದು ಖಾಲಿ ಕುರ್ಚಿಯಿತ್ತು. ಈ ಪದ್ಧತಿಯಲ್ಲಿ ಕನಸು ಕಂಡವಳು ಆ ಕುರ್ಚಿಗೆ ಹೋಗಿ ಕುಳಿತು ಎದುರಾಳಿಯ ದನಿಯಲ್ಲಿ ಮಾತಾಡಿ, ಮತ್ತೆ ತನ್ನ ಜಾಗಕ್ಕೆ ಬಂದು ಉತ್ತರ ಕೊಡಬೇಕು. ಆಕೆ ಕುಳಿತಳು. ‘ಹಗ್ಗ ನನ್ನ ಕೈಯಾಗ ಐತಿ’ ಎಂದಳು. ಅಷ್ಟಕ್ಕೇ ನಿಲ್ಲಿಸಿ ಎದ್ದುಬಂದಳು. ‘ಸಿಸ್ಟರ್, ಅತ್ತಿ ನಾ ಅಲ್ರಿ. ಅತ್ತಿ ಅತ್ತೀನಽ.’

ಈ ಒಂದು ಮಾತಿನ ಮೇಲೆ ನಮ್ಮ ವಿಮರ್ಶೆ ನಿಂತಿದೆ.

ಪರ್ಲ್ಸ್ ಆ ಕೊಠಡಿಯಲ್ಲಿದ್ದರೆ ಏನು ಹೇಳುತ್ತಿದ್ದರೆಂದು ಪುಸ್ತಕವನ್ನು ಓದಿದವರು ಊಹಿಸಬಲ್ಲರು. ನಿರಾಕರಣೆಯೇ ಸಾಕ್ಷಿ ಎನ್ನುತ್ತಿದ್ದರು. ಯಾವ ಪಾತ್ರವನ್ನು ಆಡಲಾರೆನೆಂದು ಹಿಂಜರಿಯುತ್ತೇವೋ ಅದರಲ್ಲಿಯೇ ನಮ್ಮಿಂದ ಬೇರ್ಪಟ್ಟ ಶಕ್ತಿ ಅಡಗಿದೆ ಎಂಬುದು ಅವರ ನಿಯಮ. ಈ ನಿಯಮಕ್ಕೆ ಆಧಾರವಿಲ್ಲವೆಂದಲ್ಲ. ಅತ್ತೆಯ ತೀರ್ಪನ್ನು ಸೊಸೆ ನುಂಗಿ ತನ್ನ ತೀರ್ಪನ್ನಾಗಿ ಮಾಡಿಕೊಂಡಿರಬಹುದು. ಗಂಡು ಹೆರದವಳು ಅರೆಹೆಂಗಸೆಂದು ತಾನೇ ತನ್ನೊಳಗೆ ಹೇಳಿಕೊಳ್ಳುತ್ತಿರಬಹುದು. ಹಗ್ಗ ಎಳೆಯುವ ಒಂದು ಕೈ ಅವಳ ಒಳಗೂ ಇರಬಹುದು. ಅದು ಬೆಳಕಿಗೆ ಬರುವುದು ಒಳ್ಳೆಯದೇ. ಆದರೆ ಒಪ್ಪಿದರೂ ಸಿದ್ಧಾಂತಕ್ಕೆ ಗೆಲುವು, ಒಪ್ಪದಿದ್ದರೂ ಸಿದ್ಧಾಂತಕ್ಕೆ ಗೆಲುವು ಎಂದಾದಾಗ, ಅಲ್ಲಿ ಕನಸು ಕಂಡವಳ ಮಾತಿಗೆ ಬೆಲೆಯೇ ಇಲ್ಲದಂತಾಗುತ್ತದೆ. ವ್ಯಾಖ್ಯಾನಕಾರನನ್ನು ಬಾಗಿಲಲ್ಲಿ ತಡೆದ ವಿಧಾನ ಅವನನ್ನು ಹಿತ್ತಿಲಿನಿಂದ ಒಳಗೆ ಬಿಟ್ಟುಕೊಂಡಿದೆ. ‘ಹಾವೆಂದರೆ ಇದು’ ಎನ್ನುವವನನ್ನು ಓಡಿಸಿ, ‘ಎಲ್ಲವೂ ನೀನೇ’ ಎನ್ನುವ ಇನ್ನೂ ದೊಡ್ಡ ವ್ಯಾಖ್ಯಾನವನ್ನು ಕೂರಿಸಿಕೊಂಡಿದೆ.

ಏಕೆಂದರೆ ಆ ಮನೆಯಲ್ಲಿ ಅತ್ತೆ ನಿಜವಾಗಿಯೂ ಇದ್ದಾಳೆ. ಕೀಲಿಕೈಗಳು ಅವಳ ಸೊಂಟದಲ್ಲಿವೆ. ಮೂರನೆಯ ಹೆರಿಗೆಯ ಮಾತನ್ನು ಎತ್ತಿದವಳು ಅವಳು. ಕನಸಿನ ಹಗ್ಗಕ್ಕೆ ಪಡಸಾಲೆಯಲ್ಲಿ ಒಂದು ನಿಜವಾದ ಹಗ್ಗವಿದೆ. ಎಸಲೆನ್ನಿಗೆ ಬಂದು ಕುಳಿತವರು ಬಹುಮಟ್ಟಿಗೆ ತಮ್ಮ ಮನೆ, ಉದ್ಯೋಗ, ಸಂಗಾತಿಗಳನ್ನು ತಾವೇ ಆರಿಸಿಕೊಂಡು, ಬೇಡವಾದರೆ ಬಿಟ್ಟುಬರಬಲ್ಲ ಜನ. ಅಂಥವರಿಗೆ ‘ನಿನ್ನ ಬದುಕಿಗೆ ನೀನೇ ಹೊಣೆ’ ಎಂದರೆ ಎಚ್ಚರ ಮೂಡೀತು. ಜಂತಿಗೆ ತೂಗಿಬಿದ್ದವಳಿಗೆ ಅದೇ ಮಾತನ್ನು ಹೇಳಿದರೆ, ಅವಳ ಮೇಲೆ ಆಗುತ್ತಿರುವುದನ್ನು ಅವಳೇ ಮಾಡಿಕೊಂಡದ್ದೆಂದು ಹೇಳಿದಂತಾಗುತ್ತದೆ. ಪಾಪಕ್ಕೂ ಪಾಪದಿಂದ ಗಾಯಗೊಳ್ಳುವುದಕ್ಕೂ ನಡುವೆ ಧರ್ಮಸಭೆಯು ಎಳೆದಿರುವ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ಪಾಪನಿವೇದನೆಯಲ್ಲಿ ನಾವು ಉತ್ತಮಪುರುಷದಲ್ಲಿ ಮಾತಾಡುತ್ತೇವೆ, ‘ಆಯಿತು’ ಎನ್ನದೆ ‘ಮಾಡಿದೆ’ ಎನ್ನುತ್ತೇವೆ; ಇದು ಪರ್ಲ್ಸ್ ಅವರ ಕ್ರಿಯಾಪದಕ್ಕೆ ತೀರ ಹತ್ತಿರದ್ದು. ಆದರೆ ಮಾಡದೆ ಇದ್ದುದನ್ನು ‘ಮಾಡಿದೆ’ ಎಂದು ಹೇಳಿಸುವುದು ಪಶ್ಚಾತ್ತಾಪವಲ್ಲ. ಅನುಮಾನಪಡುವ ಮನಸ್ಸಾಕ್ಷಿಯ ಬಾಧೆಯುಳ್ಳವರನ್ನು ಕಂಡಿರುವ ಯಾವ ಗುರುವಿಗೂ ಇದು ತಿಳಿದ ವಿಷಯವೇ.

ಪವಿತ್ರ ಗ್ರಂಥದಲ್ಲಿ ಈ ವಿಧಾನಕ್ಕೆ ಅತ್ಯಂತ ಸಮೀಪವಾದ ಪ್ರಸಂಗವೊಂದಿದೆ. ಅದು ಕನಸಲ್ಲ, ಕಥೆ: ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯ. ನಾತಾನನು ದಾವೀದನಿಗೆ ಒಬ್ಬ ಧನಿಕ, ಒಬ್ಬ ಬಡವ, ಒಂದು ಕುರಿಮರಿಯ ಕಥೆ ಹೇಳುತ್ತಾನೆ. ದಾವೀದನು ಕಥೆಯೊಳಗೆ ಇಳಿದು ಕೆರಳುತ್ತಾನೆ, ಆ ಮನುಷ್ಯನಿಗೆ ಮರಣವೇ ತಕ್ಕದ್ದೆನ್ನುತ್ತಾನೆ. ಆಗ ನಾತಾನನು ಆ ಮನುಷ್ಯ ಬೇರಾರೂ ಅಲ್ಲ, ಅರಸನೇ ಎಂದು ತಿಳಿಸುತ್ತಾನೆ. ಹೊರಗೆ ಎಸೆದ ತನ್ನ ಅಂಶವನ್ನು ತನ್ನದೆಂದು ಒಪ್ಪಿಸುವ ಕಲೆ ಇದಕ್ಕಿಂತ ಚುರುಕಾಗಿ ಎಲ್ಲಿ ನಡೆದಿದೆಯೋ ನಾವರಿಯೆವು. ಪರ್ಲ್ಸ್ ಅವರ ಅನುಯಾಯಿಗಳು ಈ ಅಧ್ಯಾಯವನ್ನು ತಮ್ಮದೆಂದು ಹೇಳಿಕೊಂಡರೆ ತಕರಾರು ಮಾಡಲಾಗದು.

ಆದರೆ ನಾತಾನನು ಎಲ್ಲಿ ನಿಲ್ಲಿಸಿದನೆಂಬುದನ್ನು ಗಮನಿಸಬೇಕು. ಧನಿಕ ನೀನೇ ಎಂದನು. ಬಡವನೂ ನೀನೇ, ಕುರಿಮರಿಯೂ ನೀನೇ ಎನ್ನಲಿಲ್ಲ. ಕಥೆಯನ್ನು ಕೊನೆಯವರೆಗೂ ಗೆಸ್ಟಾಲ್ಟ್ ಮಾಡಿದ್ದರೆ ದಾವೀದನು ಕುರಿಮರಿಯಾಗಿ ಮಾತಾಡಬೇಕಿತ್ತು: ನಾನು ಮೃದು, ನಾನು ಅಸಹಾಯಕ, ನನ್ನನ್ನು ಕೊಯ್ದರು. ಅದರಲ್ಲಿಯೂ ಸತ್ಯದ ಎಳೆ ಇದ್ದೀತು. ಕುರಿ ಕಾಯುತ್ತಿದ್ದ ಹುಡುಗ ಆ ಅರಮನೆಯಲ್ಲಿ ಸತ್ತುಹೋಗಿದ್ದನಷ್ಟೆ. ಅರಸನು ತನಗಾಗಿ ಕಣ್ಣೀರು ಸುರಿಸಿ, ತನ್ನೊಳಗಿನ ಕುರಿಮರಿಯನ್ನು ಅಪ್ಪಿಕೊಂಡು, ಒಂದುಗೂಡಿದ ವ್ಯಕ್ತಿತ್ವದೊಡನೆ ಏಳುತ್ತಿದ್ದನು. ಊರೀಯನು ಮಾತ್ರ ರಬ್ಬಾ ಪಟ್ಟಣದ ಗೋಡೆಯ ಬುಡದಲ್ಲಿ ಸತ್ತು ಬಿದ್ದಿರುತ್ತಿದ್ದನು. ಕುರಿಮರಿಗೂ ಬಡವನಿಗೂ ಕಥೆಯ ಹೊರಗೆ ಹೆಸರುಗಳಿದ್ದವು. ಅವರು ಅರಸನ ಅಂಶಗಳಾಗಿಬಿಟ್ಟರೆ ಅನ್ಯಾಯಕ್ಕೆ ಒಳಗಾದವರೇ ಇಲ್ಲದಂತಾಗುತ್ತದೆ, ಅನ್ಯಾಯಕ್ಕೆ ಒಳಗಾದವರಿಲ್ಲದೆ ಅನ್ಯಾಯವೂ ಇಲ್ಲ.

ಈ ಗೆರೆಯನ್ನು ಮನಶ್ಶಾಸ್ತ್ರಜ್ಞರು ಕಾಣದೆ ಇರಲಿಲ್ಲ. ಪರ್ಲ್ಸ್ ಅವರಿಗಿಂತ ಬಹಳ ಮುಂಚೆಯೇ ಯೂಂಗ್ ಅವರು ಕನಸನ್ನು ಎರಡು ಸ್ತರಗಳಲ್ಲಿ ಓದಬಹುದೆಂದಿದ್ದರು. ವ್ಯಕ್ತಿನಿಷ್ಠ ಸ್ತರದಲ್ಲಿ ಕನಸಿನ ಪಾತ್ರಗಳೆಲ್ಲ ಕನಸುಗಾರನ ಅಂಶಗಳು. ಅವನೇ ರಂಗ, ಅವನೇ ನಟ, ಅವನೇ ಪ್ರೇಕ್ಷಕ. ವಸ್ತುನಿಷ್ಠ ಸ್ತರದಲ್ಲಿ ಕನಸಿನ ಅತ್ತೆ ಎಂದರೆ ಅತ್ತೆಯೇ. ಕನಸಿಗೆ ಬಂದ ವ್ಯಕ್ತಿಯೊಡನೆ ಎಚ್ಚರದ ಬದುಕಿನಲ್ಲಿ ಗಾಢವಾದ ಸಂಬಂಧವಿದ್ದರೆ ಎರಡನೆಯ ಸ್ತರವನ್ನು ಬಿಡಬಾರದೆಂದೂ, ಎಂದೋ ಕಂಡು ಮರೆತವರು ಅಥವಾ ಅಪರಿಚಿತರು ಬಂದರೆ ಮೊದಲನೆಯ ಸ್ತರವೇ ಹೆಚ್ಚು ಹೊಂದುತ್ತದೆಂದೂ ಅವರು ಸೂಚಿಸಿದ್ದರು. ಪರ್ಲ್ಸ್ ಎರಡು ಸ್ತರಗಳಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಿತ್ತೊಗೆದರು. ಗೆಸ್ಟಾಲ್ಟ್ ಮನೆಯೊಳಗಿಂದಲೇ ಈ ಬಗ್ಗೆ ಆಕ್ಷೇಪ ಹುಟ್ಟಿತು. ನ್ಯೂಯಾರ್ಕಿನಲ್ಲಿ ಅದೇ ಪದ್ಧತಿಯ ಮೊದಲ ತಲೆಮಾರಿನ ಗುರುವಾಗಿದ್ದ ಇಸಡೋರ್ ಫ್ರಾಮ್, ಕನಸು ಬರಿಯ ಪ್ರಕ್ಷೇಪವಲ್ಲ, ಯಾರಿಗೋ ಹೇಳಬೇಕಾಗಿದ್ದು ಹೇಳಲಾರದೆ ಒಳಕ್ಕೆ ತಿರುಗಿಸಿಕೊಂಡ ಮಾತೂ ಹೌದೆಂದರು. ಚಿಕಿತ್ಸೆಯ ಹಿಂದಿನ ಅಥವಾ ಮುಂದಿನ ರಾತ್ರಿ ಬಿದ್ದ ಕನಸನ್ನು ಚಿಕಿತ್ಸಕನಿಗೇ ಹೇಳಲಾಗದೆ ಉಳಿದ ಮಾತೆಂದು ಕೇಳಬೇಕೆಂದರು. ಈ ತಿದ್ದುಪಡಿಯಲ್ಲಿ ಇನ್ನೊಬ್ಬನು ಮರಳಿ ಬರುತ್ತಾನೆ. ತೊಟ್ಟಿಲಿನ ಕನಸು ಅತ್ತೆಗೆ ಹೇಳಬೇಕಾಗಿದ್ದ ಮಾತಾಗಿದ್ದರೆ, ಅತ್ತೆಯನ್ನು ಸೊಸೆಯ ಅಂಶವಾಗಿಸಿದೊಡನೆ ಆ ಮಾತಿಗೆ ಹೋಗಬೇಕಾದ ವಿಳಾಸವೇ ಇಲ್ಲವಾಗುತ್ತದೆ. ನಮ್ಮ ತರಬೇತಿಗಳಲ್ಲಿ ಪರ್ಲ್ಸ್ ಅವರ ಹೆಸರು ಕೇಳುವಷ್ಟು ಫ್ರಾಮ್ ಅವರ ಹೆಸರು ಕೇಳುವುದಿಲ್ಲ. ಇದು ವಿಷಾದದ ಸಂಗತಿ.

ಎತ್ತಿನ ವಿಚಾರವನ್ನು ಬೇಕೆಂದೇ ಹಿಂದಕ್ಕಿಟ್ಟಿದ್ದೇವೆ. ಕನಸು ಹೇಳುವಾಗ ಆಕೆ ಅದನ್ನು ಒಮ್ಮೆ ‘ಎತ್ತು’ ಎಂದಳು, ಇನ್ನೊಮ್ಮೆ ‘ಬಸವಣ್ಣ’ ಎಂದಳು. ಆ ಸೀಮೆಯ ಆಡುಮಾತಿನಲ್ಲಿ ಎರಡೂ ಒಂದೇ. ಆದರೆ ಗುಡಿಗೆ ಹೋಗಿ ಬಂದವಳ ಬಾಯಲ್ಲಿ ಎರಡೂ ಒಂದೇ ಅಲ್ಲ. ಹೊಸ್ತಿಲಲ್ಲಿ ನಿಂತದ್ದು ಮಾರಿಹೋದ ತನ್ನ ಬಲವೋ, ತನ್ನನ್ನು ನೋಡಲು ಬಂದ ದೇವರೋ? ಇದನ್ನು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಪರ್ಲ್ಸ್ ಅವರ ವಿಧಾನವಾದರೋ ಪ್ರಶ್ನೆ ಹುಟ್ಟುವ ಮುಂಚೆಯೇ ತೀರ್ಮಾನಿಸಿಬಿಟ್ಟಿದೆ: ಹೊರಗಿನಿಂದ ಯಾರೂ ಬರಲಾರರು, ಏಕೆಂದರೆ ಕನಸಿಗೆ ಹೊರಗೆಂಬುದೇ ಇಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಮಾತಾಗಿಸಿದ ಅತ್ಯುತ್ತಮ ಕನಸು ಹನ್ನೆರಡನೆಯ ಶತಮಾನದ್ದು. ಅಕ್ಕಮಹಾದೇವಿಯು ತನ್ನ ಒಂದು ವಚನದಲ್ಲಿ ಗೆಳತಿಯನ್ನು ಅಕ್ಕನೆಂದು ಕರೆದು ತನ್ನ ಕನಸನ್ನು ಒಪ್ಪಿಸುತ್ತಾಳೆ. ಅಕ್ಕಿ, ತೆಂಗು ಮೊದಲಾದ ಮಂಗಳದ್ರವ್ಯಗಳು ಅಲ್ಲಿವೆ. ಜಡೆಗಟ್ಟಿದ ಕೂದಲಿನ ಭಿಕ್ಷುಕನೊಬ್ಬ ಮನೆಬಾಗಿಲಿಗೆ ಬರುತ್ತಾನೆ. ನಿಲ್ಲದೆ ಹೊರಟವನ ಹಿಂದೆ ಓಡಿ ಅವಳು ಕೈಹಿಡಿಯುತ್ತಾಳೆ. ತನ್ನ ಒಡೆಯನನ್ನು ಕಂಡದ್ದೂ ಎಚ್ಚರಗೊಂಡದ್ದೂ ಒಂದೇ ಕ್ಷಣವಾಗುತ್ತದೆ. ಇಡೀ ವಚನ ಕೆಲವೇ ಸಾಲುಗಳದು.

ಇದನ್ನು ಪರ್ಲ್ಸ್ ಅವರ ಕುರ್ಚಿಯಲ್ಲಿ ಕೂರಿಸಿದರೆ ಬರಿಗೈಯಲ್ಲಿ ಏಳಬೇಕಾಗಿಲ್ಲ. ಅಕ್ಕಿಯಾಗಿ ಮಾತಾಡಿದರೆ, ನಾನು ಯಾರದೋ ಮದುವೆಗೆ ಅಣಿಯಾಗಿ ಕುಳಿತಿದ್ದೇನೆ ಎಂದಾಗುತ್ತದೆ. ಭಿಕ್ಷುಕನಾಗಿ ಮಾತಾಡಿದರೆ, ನಾನು ಯಾವ ಮನೆಯಲ್ಲಿಯೂ ನಿಲ್ಲುವವಳಲ್ಲ, ಬೇಡುತ್ತೇನೆ, ಹೊರಟುಹೋಗುತ್ತೇನೆ ಎಂದಾಗುತ್ತದೆ. ಮನೆಯ ಕಟ್ಟನ್ನು ಬಿಟ್ಟು ಹೊರಟ ಅಕ್ಕನ ಬದುಕಿಗೆ ಇದು ಚೆನ್ನಾಗಿ ಕೂಡಿಕೊಳ್ಳುತ್ತದೆ. ಆ ಭಿಕ್ಷುಕನಲ್ಲಿ ಅವಳು ಮುಂದೆ ಆಗಲಿದ್ದ ಅವಳೇ ಇದ್ದಾಳೆ ಎಂದು ಓದುವುದು ತಪ್ಪಲ್ಲ. ಆದರೆ ಆ ವಚನದ ಜೀವವಿರುವುದು ಕೈಹಿಡಿಯುವ ಕ್ರಿಯೆಯಲ್ಲಿ. ಕೈಹಿಡಿಯುವುದೆಂದರೆ ನಮ್ಮ ಭಾಷೆಯಲ್ಲಿ ಮದುವೆಯಾಗುವುದು. ಅದಕ್ಕೆ ಇಬ್ಬರು ಬೇಕು. ಭಿಕ್ಷುಕನು ಅವಳದೇ ತುಣುಕಾದರೆ ಅವಳು ತನ್ನ ಕೈಯನ್ನು ತಾನೇ ಹಿಡಿದುಕೊಂಡಂತಾಯಿತು. ಮತ್ತೆ, ಅವನು ನಿಲ್ಲದೆ ಹೊರಟನೆಂಬುದು ಮುಖ್ಯ. ನಮ್ಮ ಅಂಶವನ್ನು ನಾವು ಒಪ್ಪಿಕೊಂಡರೆ ಅದು ನಮ್ಮ ವಶವಾಗುತ್ತದೆ. ಅವನೋ ವಶವಾಗುವವನಲ್ಲ, ಬೆನ್ನಟ್ಟಬೇಕಾದವನು. ಬೇತೇಲಿನಲ್ಲಿ ಎಚ್ಚೆತ್ತ ಯಕೋಬನು ಅಂಜಿದ್ದೂ ಇಂಥ ಕಾರಣಕ್ಕೆ. ಸ್ವಂತದ ತುಣುಕನ್ನು ಕಂಡವನು ನಿರಾಳವಾಗಬಹುದು. ಆ ಸ್ಥಳದಲ್ಲಿ ಇನ್ನೊಬ್ಬನು ಇದ್ದನೆಂದು ಅರಿತವನು ನಡುಗುತ್ತಾನೆ.

ಹಾಗಾದರೆ ವಿಧಾನವನ್ನೇ ಬಿಡಬೇಕೆ? ಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮ ಮನೆಯಲ್ಲಿಯೇ ಇದಕ್ಕೊಂದು ಅಳತೆಗೋಲಿದೆ. ಸಂತ ಇಗ್ನೇಷಿಯಸರು ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಕ್ರಿಸ್ತಜಯಂತಿಯ ಧ್ಯಾನವನ್ನು ಹೇಳಿಕೊಡುವಾಗ (114ನೆಯ ಕಂಡಿಕೆ) ಸಾಧಕನನ್ನು ದೃಶ್ಯದೊಳಕ್ಕೆ ಇಳಿಸುತ್ತಾರೆ, ಪರ್ಲ್ಸ್ ಅವರಂತೆಯೇ ವರ್ತಮಾನಕಾಲದಲ್ಲಿ ನಿಲ್ಲಿಸುತ್ತಾರೆ. ಆದರೆ ಮರಿಯಳಾಗೆಂದೋ ಶಿಶುವಾಗೆಂದೋ ಹೇಳುವುದಿಲ್ಲ. ದೃಶ್ಯದಲ್ಲಿ ಇಲ್ಲದಿದ್ದ ಒಂದು ಹೊಸ ಪಾತ್ರವನ್ನು ಕೊಡುತ್ತಾರೆ: ನೀನೊಬ್ಬ ಬಡ ಊಳಿಗದವನಾಗಿ ಅಲ್ಲಿದ್ದು ಅವರನ್ನು ನೋಡು, ಅವರಿಗೆ ಬೇಕಾದುದನ್ನು ಮಾಡು. ಕೊನೆಗೆ ಸಂಭಾಷಣೆ (54ನೆಯ ಕಂಡಿಕೆ): ಗೆಳೆಯನು ಗೆಳೆಯನೊಡನೆ, ಆಳು ಒಡೆಯನೊಡನೆ ಮಾತಾಡುವಂತೆ. ಅಲ್ಲಿ ಮಾತು ಎದುರಿನವನನ್ನು ಉದ್ದೇಶಿಸಿದ್ದು. ಎದುರಿನವನ ದನಿಯನ್ನು ನಾವೇ ಆಡುವುದಲ್ಲ. ಉತ್ತರಕ್ಕೆ ಕಾಯಬೇಕು.

ಇದರಿಂದ ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುವ ಕ್ರಮ ಹೀಗಿದೆ. ಕನಸಿನ ವಸ್ತುಗಳನ್ನು ಆಡಿಸಿರಿ. ತೊಟ್ಟಿಲಾಗುವುದರಿಂದ ಯಾವ ತೊಟ್ಟಿಲಿಗೂ ಅನ್ಯಾಯವಾಗದು. ಅಪರಿಚಿತ ಪಾತ್ರಗಳನ್ನೂ ಆಡಿಸಬಹುದು. ಬದುಕಿರುವ, ಕನಸುಗಾರನ ಮೇಲೆ ಅಧಿಕಾರವುಳ್ಳ ವ್ಯಕ್ತಿ ಬಂದರೆ ಕುರ್ಚಿಯನ್ನು ಎದುರಿಗಿಡಿರಿ, ಆದರೆ ಅದರಲ್ಲಿ ಕೂರಿಸಬೇಡಿರಿ. ಆ ವ್ಯಕ್ತಿಯೊಡನೆ ಮಾತಾಡಲಿ, ಆ ವ್ಯಕ್ತಿಯಾಗಿ ಮಾತಾಡುವುದು ಬೇಡ. ತನ್ನನ್ನು ಹಿಂಸಿಸಿದವನನ್ನು ಕನಸಿನಲ್ಲಿ ಕಂಡವರಿಗೆ ಆ ಹಿಂಸಕನ ಪಾತ್ರ ಕೊಡುವುದು ಚಿಕಿತ್ಸೆಯಲ್ಲ, ಎರಡನೆಯ ಗಾಯ. ತಾನಾರು ಪರರಾರು ಎಂಬ ಅಂಚೇ ಕದಡಿಹೋಗಿರುವ ಮನೋರೋಗಿಗಳಲ್ಲಿ ಇದನ್ನು ಮುಟ್ಟಲೇಬಾರದು. ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪಾಪನಿವೇದನೆಯ ಪೀಠದಲ್ಲಂತೂ ಈ ಕೆಲಸಕ್ಕೆ ಎಡೆಯಿಲ್ಲ. ಅಲ್ಲಿ ಕೇಳಿದ ಕನಸನ್ನು ಹೊರಗೆ ಎತ್ತುವುದಕ್ಕೂ ಗುರುವಿಗೆ ಸ್ವಾತಂತ್ರ್ಯವಿಲ್ಲ. ಕೆಲಸ ದಾರಿತಪ್ಪಿತೆಂದು ಅರಿಯುವ ಗುರುತು ಕಷ್ಟದ್ದಲ್ಲ. ಮಾತು ಸರಾಗವಾಗಿ, ಅಂದವಾಗಿ, ಸಲಹೆಗಾರನ ಮುಖ ನೋಡುತ್ತ ಬರತೊಡಗಿದರೆ ಅದು ನಾಟಕ. ನಿಜವಾದದ್ದು ಬರುವಾಗ ದನಿ ಬದಲಾಗುತ್ತದೆ, ವಾಕ್ಯ ಚಿಕ್ಕದಾಗುತ್ತದೆ, ಹೇಳಿದವರಿಗೇ ಆಶ್ಚರ್ಯವಾಗುತ್ತದೆ.

ಆ ಭಗಿನಿಯು ಎರಡನೆಯ ಬಾರಿ ಹೀಗೆಯೇ ಮಾಡಿದರು. ಖಾಲಿ ಕುರ್ಚಿಯ ಎದುರು ಆಕೆ ಬಹಳ ಹೊತ್ತು ಸುಮ್ಮನೆ ನಿಂತಿದ್ದಳಂತೆ. ಅನಂತರ, ‘ಅತ್ತಿ, ಹಗ್ಗ ಬಿಡ್ರಿ. ಇಬ್ಬರು ಅದಾರ, ಸಾಕು’ ಎಂದಳು. ಈ ಮಾತನ್ನು ಮನೆಯಲ್ಲಿ ಆಡಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು, ಗಂಡನನ್ನು ಒಪ್ಪಿಸಿಕೊಂಡ ಮೇಲೆ. ಅತ್ತೆ ಆ ವಾರವೆಲ್ಲ ಮಾತುಬಿಟ್ಟಳು. ಎತ್ತು ಬಸವಣ್ಣನೋ ಅಲ್ಲವೋ ಎಂದು ಭಗಿನಿ ಕೇಳಲಿಲ್ಲ. ಆಕೆ ಮಾತ್ರ ಸೋಮವಾರ ಗುಡಿಗೆ ಹೋಗುವುದನ್ನು ಬಿಟ್ಟಿಲ್ಲ.